ತೂತು ಯಾರು ಮಾಡಿದ್ದು ಅಂತ ನೋಡಿ, ಆಮೇಲೆ ಬಟ್ಟೆ ವಿಂಗಡಿಸಿ

ಪ್ರಶ್ನೆ: ಚಳಿ ಮುಗೀತು, ಉಣ್ಣೆ ಬಟ್ಟೆ ಒಳಗಿಡೋಣ ಅಂತ ಬೀರು ಖಾಲಿ ಮಾಡಿದೆ. ಏಳು ಸ್ವೆಟರ್, ಎರಡು ಶಾಲು, ಒಂದು ಉಣ್ಣೆ ಕೋಟು, ಆರು ರೇಷ್ಮೆ ಸೀರೆ ಇವೆ. ಒಂದು ಸ್ವೆಟರ್‌ಗೆ ಕಂಕುಳ ಹತ್ತಿರ, ಇನ್ನೊಂದಕ್ಕೆ ಹೊಟ್ಟೆ ಹತ್ತಿರ ಸಣ್ಣ ತೂತು. ಒಂದು ಮಷೀನಿಗೆ ಹೋಗಿ ಕುಗ್ಗಿದೆ. ಅಮ್ಮನ ಹಳೇ ಸೀರೆ ಮಡಿಕೆಯಲ್ಲೇ ಸೀಳಿದೆ, ಇನ್ನೊಂದರ ಮೇಲೆ ಎಲ್ಲಿಂದ ಬಂತೋ ಗೊತ್ತಿಲ್ಲ, ಕಂದು ಕಲೆ. ನುಸಿಗುಳಿಗೆ ಹಾಕಿದ್ದೆ, ಆದ್ರೂ ಹೀಗೆ! ಯಾವುದು ಇಟ್ಕೊಳ್ಳಲಿ, ಯಾವುದು ರಿಪೇರಿ, ಯಾವುದು ಕೊಡಲಿ, ಯಾವುದು ಎಸೀಲಿ? ಇಡೋದನ್ನ ಹೇಗೆ ಇಡಲಿ?

ಉತ್ತರ: ಇವತ್ತು ಏನನ್ನೂ ಎಸೆಯಬೇಡಿ, ಯಾರಿಗೂ ಕೊಡಲೂಬೇಡಿ. ತೂತು ಬಿದ್ದ ಎರಡು ಸ್ವೆಟರ್‌ಗಳನ್ನು ಮಾತ್ರ ಒಂದೊಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ಉಳಿದ ಬಟ್ಟೆಯಿಂದ ದೂರ ಇಡಿ. ಯಾಕೆಂದರೆ ನಾಲ್ಕು ಗುಂಪು ಮಾಡುವ ಮೊದಲು ಆ ತೂತು ಯಾರು ಮಾಡಿದ್ದು ಅಂತ ಗೊತ್ತಾಗಬೇಕು. ಹುಳ ಮಾಡಿದ್ದಾದರೆ ನಿಮ್ಮ ಹತ್ತಿರ ಇರುವುದು ಒಂದು ಹಾಳಾದ ಸ್ವೆಟರ್ ಅಲ್ಲ, ಇಡೀ ಬೀರಿನ ಸಮಸ್ಯೆ. ಬೆಲ್ಟ್ ಉಜ್ಜಿ ಆದದ್ದಾದರೆ ಸೂಜಿ ದಾರದಲ್ಲಿ ಮುಗಿಯುವ ಕೆಲಸ. ಎರಡೂ ತೂತು ದೂರದಿಂದ ಒಂದೇ ಥರ ಕಾಣುತ್ತವೆ, ಆದರೆ ಹತ್ತಿರದಿಂದ ನೋಡಿದರೆ ಸುಲಭವಾಗಿ ಬೇರೆ ಮಾಡಬಹುದು.

ಹಗಲು ಹೊತ್ತಿನಲ್ಲಿ ಕಿಟಕಿ ಪಕ್ಕ ಒಂದು ಬಿಳಿ ಬೆಡ್‌ಶೀಟ್ ಹಾಸಿ, ಕಂಕುಳ ತೂತಿನ ಸ್ವೆಟರನ್ನು ಅದರ ಮೇಲೆ ಕವರಿನಿಂದ ತೆಗೆದು ಒಳಮುಖ ಹೊರಗೆ ಮಾಡಿ ಮೆಲ್ಲಗೆ ಕೊಡವಿ. ಬಿಳಿ ಬಟ್ಟೆ ಮೇಲೆ ಏನು ಬಿತ್ತು ಅಂತ ನೋಡಿ. ಮರಳಿನ ಕಣದಂಥ ಸಣ್ಣ ಸಣ್ಣ ಗುಂಡು, ಅದೂ ಸ್ವೆಟರಿನ ಬಣ್ಣದ್ದೇ, ಬಿದ್ದರೆ ಅದು ನುಸಿಯ ಮರಿಹುಳದ ಹಿಕ್ಕೆ. ನೀಲಿ ಉಣ್ಣೆ ತಿಂದಿದ್ದರೆ ಹಿಕ್ಕೆಯೂ ನೀಲಿ. ಜೊತೆಗೆ ಹೊಲಿಗೆಯ ಸಂದಿಯಲ್ಲಿ, ಕಾಲರ್ ಅಡಿಯಲ್ಲಿ ಜೇಡರ ಬಲೆ ಅಂಟಿದ ಹಾಗೆ ಬಿಳಿ ಎಳೆಗಳೋ, ಅಕ್ಕಿ ಕಾಳಿನಷ್ಟುದ್ದದ ಚೀಲವೋ ಇದ್ದರೆ ಅನುಮಾನವೇ ಬೇಡ. ಬಲೆ ಇಲ್ಲ, ಆದರೆ ತೆಳ್ಳಗಿನ ಕಂದು ಬಣ್ಣದ, ರೋಮ ಇರುವ ಖಾಲಿ ಸಿಪ್ಪೆಗಳು ಬಿದ್ದವು ಅಂದರೆ ಅದು ಕಾರ್ಪೆಟ್ ಬೀಟಲ್ ಅನ್ನುವ ಸಣ್ಣ ದುಂಬಿಯ ಮರಿ ಪೊರೆ ಬಿಟ್ಟು ಹೋಗಿರುವುದು. ಇವೆರಡೂ ಉಣ್ಣೆಯನ್ನೂ ತಿನ್ನುತ್ತವೆ, ರೇಷ್ಮೆಯನ್ನೂ ಬಿಡುವುದಿಲ್ಲ. ಮುಂದಿನ ಚಿಕಿತ್ಸೆ ಎರಡಕ್ಕೂ ಒಂದೇ, ಹಾಗಾಗಿ ಯಾವುದು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಕಂಕುಳಲ್ಲೇ ಯಾಕೆ ತೂತು ಅಂತೀರಾ? ನುಸಿಗೆ ಬೆವರು, ಚರ್ಮದ ಎಣ್ಣೆ, ಊಟ ಚೆಲ್ಲಿದ ಕಲೆ ಇರುವ ಜಾಗವೇ ಹೆಚ್ಚು ಇಷ್ಟ. ಶುದ್ಧ ಉಣ್ಣೆ ಒಂದರಿಂದಲೇ ಮರಿಹುಳಕ್ಕೆ ಪೂರ್ತಿ ಪೌಷ್ಟಿಕತೆ ಸಿಗುವುದಿಲ್ಲ. ಅದಕ್ಕೇ ಕಾಲರ್, ಕಂಕುಳ, ಕೈ ತುದಿಯ ಪಟ್ಟಿ, ಎದೆ ಭಾಗ ಮೊದಲು ಹೋಗುತ್ತವೆ. ಒಂದೇ ಒಂದು ಸಲ ಹಾಕಿಕೊಂಡು "ಇದು ಕ್ಲೀನಾಗೇ ಇದೆ" ಅಂತ ಮಡಿಚಿ ಇಟ್ಟ ಸ್ವೆಟರಿಗೆ ಹುಳ ಬೀಳುವುದು, ಒಗೆದು ಇಟ್ಟದ್ದು ಉಳಿಯುವುದು ಇದೇ ಕಾರಣಕ್ಕೆ.

ಹೊಟ್ಟೆ ಹತ್ತಿರದ ತೂತು ಬಹುತೇಕ ಬೇರೆ ಕಥೆ. ಅದೇ ಸ್ವೆಟರನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ತೂತು ಸರಿಯಾಗಿ ಪ್ಯಾಂಟಿನ ಗುಂಡಿಯೋ, ಬೆಲ್ಟಿನ ಬಕಲ್ಲೋ ಇರುವ ಕಡೆಗೇ ಬಂತಾ? ಸುತ್ತಲಿನ ಉಣ್ಣೆ ತೆಳ್ಳಗಾಗಿ, ಜುಂಗೆದ್ದು, ಗುಳ್ಳೆ ಗುಳ್ಳೆಯಾಗಿದೆಯಾ? ಹಾಗಿದ್ದರೆ ಅದು ಸವೆತ. ಹುಳ ತಿಂದ ತೂತಿನ ಅಕ್ಕಪಕ್ಕ ಉಣ್ಣೆ ಸಾಮಾನ್ಯವಾಗಿ ದಪ್ಪವಾಗಿ ಗಟ್ಟಿಯಾಗಿಯೇ ಇರುತ್ತದೆ, ತೂತು ಮಾತ್ರ ಸಡನ್ನಾಗಿ ಶುರುವಾಗುತ್ತದೆ. ಕೆಲವು ಕಡೆ ಪೂರ್ತಿ ತೂತು ಮಾಡದೆ ಮೇಲ್ಮೈಯನ್ನಷ್ಟೇ ಮೇಯ್ದ ಗುರುತೂ ಕಾಣಬಹುದು.

ಇಷ್ಟಾದ ಮೇಲೆ ಇನ್ನೊಂದು ಪರೀಕ್ಷೆ. ನಿಮ್ಮ ಏಳು ಸ್ವೆಟರ್‌ಗಳಲ್ಲಿ ಎಷ್ಟು ನಿಜವಾಗಿ ಉಣ್ಣೆ? ಲೇಬಲ್ ಇದ್ದರೆ ಓದಿ. ಇಲ್ಲದಿದ್ದರೆ ಒಳಗಿನ ಹೊಲಿಗೆಯಿಂದ ಬೆರಳುದ್ದದ ಒಂದು ಎಳೆ ಕಿತ್ತು, ಸ್ಟೀಲ್ ತಟ್ಟೆಯ ಮೇಲೆ, ಚಿಮುಟದಲ್ಲಿ ಹಿಡಿದು ತುದಿಗೆ ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಬೂದಿ ಬೆರಳಲ್ಲಿ ತಿಕ್ಕಿದರೆ ಪುಡಿಯಾದರೆ ಅದು ಉಣ್ಣೆ ಅಥವಾ ರೇಷ್ಮೆ. ಕರಗಿ ತುದಿಯಲ್ಲಿ ಗಟ್ಟಿ ಮಣಿ ಕಟ್ಟಿಕೊಂಡರೆ ಅಕ್ರಿಲಿಕ್‌ನಂಥ ಸಿಂಥೆಟಿಕ್. ಎರಡೂ ಸ್ವಲ್ಪ ಸ್ವಲ್ಪ ಕಂಡರೆ ಮಿಶ್ರ ನೂಲು. ಮಣಿ ಬಿಸಿ ಇರುವಾಗ ಮುಟ್ಟಬೇಡಿ, ಅಂಟಿಕೊಂಡು ಸುಡುತ್ತದೆ. ಈ ಪರೀಕ್ಷೆ ಯಾಕೆಂದರೆ ಶುದ್ಧ ಅಕ್ರಿಲಿಕ್ ಸ್ವೆಟರನ್ನು ನುಸಿ ತಿಂದು ಬದುಕಲಾರದು. ಅವನ್ನು ಒಗೆದು, ಒಣಗಿಸಿ, ಎಲ್ಲಿ ಬೇಕಾದರೂ ಇಡಿ. ಮುಂದೆ ಹೇಳುವ ಕಾಳಜಿಯೆಲ್ಲ ಉಣ್ಣೆಗೆ ಮತ್ತು ಮಿಶ್ರ ನೂಲಿಗೆ ಮಾತ್ರ. ಬಹಳ ಜನರ ಅರ್ಧ ಕೆಲಸ ಇಲ್ಲೇ ಕಡಿಮೆಯಾಗುತ್ತದೆ.

ಹುಳದ ಗುರುತು ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಆಗ ಅದೇ ಬೀರಿನಲ್ಲಿದ್ದ ಎಲ್ಲಾ ಉಣ್ಣೆ ಬಟ್ಟೆಗೂ ಹುಳ ಬಿದ್ದಿದೆ ಅಂತಲೇ ಲೆಕ್ಕ, ತೂತು ಕಾಣಲಿ ಬಿಡಲಿ. ಮೊಟ್ಟೆ ಕಣ್ಣಿಗೆ ಕಾಣುವುದೇ ಕಷ್ಟ. ಬಟ್ಟೆಗೆ ಶಾಖ ಕೊಟ್ಟೂ ಕೊಲ್ಲಬಹುದು, 55 ಡಿಗ್ರಿಯ ಶಾಖ ಬಟ್ಟೆಯ ಒಳಗಿನವರೆಗೂ ಒಂದು ಗಂಟೆ ನಿಂತರೆ ಮೊಟ್ಟೆಯೂ ಉಳಿಯುವುದಿಲ್ಲ, ಆದರೆ ಅಷ್ಟು ಬಿಸಿ ನೀರಿಗೆ ಹಾಕಿದರೆ ಸ್ವೆಟರೂ ಉಳಿಯುವುದಿಲ್ಲ. ಅದಕ್ಕೇ ಮನೆಯಲ್ಲಿ ಸುಲಭ ದಾರಿ ಫ್ರೀಜರ್. ಬಟ್ಟೆ ಪೂರ್ತಿ ಒಣಗಿರಬೇಕು. ಒಂದೊಂದನ್ನೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಒತ್ತಿ ತೆಗೆದು, ಟೇಪ್ ಹಾಕಿ ಮುಚ್ಚಿ. ಮೈನಸ್ 18 ಡಿಗ್ರಿ ಇರುವ ಫ್ರೀಜರಿನಲ್ಲಿ ಎರಡು ವಾರ ಇಡಿ. ದಪ್ಪ ಕಂತೆ ಕಟ್ಟಬೇಡಿ, ಒಳಗಿನ ಪದರಕ್ಕೆ ತಣ್ಣನೆ ತಲುಪಲು ಹೊತ್ತು ಬೇಕು. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಗಾಳಿಯ ತೇವ ಬಂದು ಬಟ್ಟೆಯ ಮೇಲೆ ನೀರು ಕೂರುತ್ತದೆ. ಕವರಿನ ಹೊರಗೆ ಕೂತರೆ ತೊಂದರೆಯಿಲ್ಲ, ಒರೆಸಿ ಬಿಡಬಹುದು. ಕೋಟು ಫ್ರೀಜರಿಗೆ ಹಿಡಿಸುವುದಿಲ್ಲ ಅಲ್ವಾ, ಅದನ್ನು ಡ್ರೈ ಕ್ಲೀನಿಂಗಿಗೆ ಕೊಡಿ. ಅದರಲ್ಲೂ ಹುಳ, ಮೊಟ್ಟೆ ಸಾಯುತ್ತವೆ. ಹುಳದ ವಿಷಯ ಮೊದಲೇ ಅವರಿಗೆ ಹೇಳಿ, ಕವರಿನಲ್ಲೇ ತಗೊಂಡು ಹೋಗಿ. ಅಲ್ಲಿಂದ ಬಂದ ಮೇಲೆ ಪ್ಲಾಸ್ಟಿಕ್ ಹೊದಿಕೆ ತೆಗೆದು ಒಂದು ದಿನ ಗಾಳಿಗೆ ಹಾಕಿ ಆಮೇಲೆ ಒಳಗಿಡಿ.

ಬಟ್ಟೆ ಫ್ರೀಜರಿನಲ್ಲಿರುವ ಆ ಎರಡು ವಾರದಲ್ಲಿ ಬೀರಿನ ಕೆಲಸ ಮುಗಿಸಿ. ಒಳಗಿನ ಮೂಲೆ, ಶೆಲ್ಫ್ ಗೋಡೆಗೆ ಕೂಡುವ ಸಂದು, ಬೀರಿನ ಹಿಂದೆ ಅಡಿಗೆ ಸೇರಿರುವ ಕೂದಲು ಧೂಳಿನ ಉಂಡೆ, ಇವೇ ಮರಿಹುಳದ ಮನೆ. ವ್ಯಾಕ್ಯೂಮ್ ಕ್ಲೀನರ್ ಸಂದಿನ ಮೂತಿ ಹಾಕಿ ಎಳೆಯಿರಿ, ಧೂಳನ್ನು ಆಗಲೇ ಮನೆಯಿಂದ ಹೊರಗೆ ಹಾಕಿ. ವ್ಯಾಕ್ಯೂಮ್ ಇಲ್ಲದಿದ್ದರೆ ಒದ್ದೆ ಬಟ್ಟೆ ಸುತ್ತಿದ ಕಡ್ಡಿಯಲ್ಲಿ ಸಂದಿ ಸಂದಿ ಒರೆಸಿ ಚೆನ್ನಾಗಿ ಒಣಗಲು ಬಿಡಿ. ಇನ್ನೊಂದು ವಿಷಯ, ರಾತ್ರಿ ದೀಪದ ಸುತ್ತ ಹಾರುವ ಸಣ್ಣ ಪತಂಗ ನೋಡಿ ಬಟ್ಟೆ ನುಸಿ ಅಂತ ಗಾಬರಿಯಾಗಬೇಡಿ. ಬಟ್ಟೆ ನುಸಿಯ ಪತಂಗಕ್ಕೆ ಬೆಳಕು ಕಂಡರೆ ಆಗುವುದಿಲ್ಲ, ಅದು ಕತ್ತಲೆ ಮೂಲೆಗೆ ಓಡುತ್ತದೆ. ದೀಪಕ್ಕೆ ಬರುವುದು ಹೆಚ್ಚಾಗಿ ಕಾಳು ಹಿಟ್ಟಿನ ಡಬ್ಬದಿಂದ ಬಂದ ಪತಂಗ.

ಹಾಗಾದರೆ ನುಸಿಗುಳಿಗೆ ಯಾಕೆ ಕೆಲಸ ಮಾಡಲಿಲ್ಲ? ಗುಳಿಗೆ ಕರಗಿ ಹೋಗುವುದಲ್ಲ, ಆವಿಯಾಗುವುದು. ಆ ಆವಿ ಗಾಳಿಗಿಂತ ಭಾರ. ಅದು ಮುಚ್ಚಿದ ಜಾಗದಲ್ಲಿ ದಟ್ಟವಾಗಿ, ವಾರಗಟ್ಟಲೆ ನಿಂತರೆ ಮಾತ್ರ ಮರಿಹುಳ ಸಾಯುತ್ತದೆ. ದಿನಾ ನಾಲ್ಕು ಸಲ ಬಾಗಿಲು ತೆಗೆಯುವ ಬೀರಿನಲ್ಲಿ ಮೂರು ಗುಳಿಗೆ ಎಸೆದರೆ ಬಟ್ಟೆಗೆ ವಾಸನೆ ಬರುತ್ತದೆ, ಹುಳಕ್ಕೆ ಏನೂ ಆಗುವುದಿಲ್ಲ. ಬಳಸಲೇಬೇಕು ಅನ್ನಿಸಿದರೆ ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿ, ಪ್ಯಾಕೆಟ್ಟಿನ ಮೇಲೆ ಹೇಳಿದಷ್ಟೇ, ಬಟ್ಟೆ ಚೂರಿನಲ್ಲಿ ಕಟ್ಟಿ ಎಲ್ಲಕ್ಕಿಂತ ಮೇಲಿನ ಪದರದ ಮೇಲೆ ಇಡಿ, ಆವಿ ಕೆಳಗಿಳಿಯಲಿ. ಹಾಗೆ ಇಟ್ಟ ಬಟ್ಟೆಯನ್ನು ಹಾಕಿಕೊಳ್ಳುವ ಮೊದಲು ಚೆನ್ನಾಗಿ ಗಾಳಿಗೆ ಹರವಬೇಕು. ಎರಡು ಬೇರೆ ಬೇರೆ ಕಂಪನಿಯ ಗುಳಿಗೆ ಬೆರೆಸಬೇಡಿ. ಒಂದು ನ್ಯಾಫ್ತಲೀನ್, ಇನ್ನೊಂದು ಪ್ಯಾರಾಡೈಕ್ಲೋರೋಬೆಂಜೀನ್ ಆಗಿದ್ದರೆ ಒಂದಕ್ಕೊಂದು ತಾಗಿ ದ್ರವವಾಗಿ ಬಟ್ಟೆಗೆ ಕಲೆ ಹಿಡಿಯುತ್ತದೆ. ಮನೆಯಲ್ಲಿ ಹಸುಗೂಸು ಇದ್ದರೆ ಅಥವಾ ಯಾರಿಗಾದರೂ ರಕ್ತದ ಕೆಂಪು ಕಣಗಳನ್ನು ಕಾಪಾಡುವ ಜಿ6ಪಿಡಿ ಅನ್ನುವ ಎನ್ಜೈಮಿನ ಕೊರತೆ ಇದ್ದರೆ ನ್ಯಾಫ್ತಲೀನ್ ಬೇಡವೇ ಬೇಡ. ಅವರ ರಕ್ತದ ಕೆಂಪು ಕಣಗಳನ್ನು ಅದು ಒಡೆಯಬಲ್ಲದು, ಗುಳಿಗೆ ಜೊತೆ ಇಟ್ಟ ಬಟ್ಟೆ ಕಂಬಳಿಯಿಂದಲೂ ಈ ಅಪಾಯ ಇದೆ. ಮಿಠಾಯಿ ಅಂದುಕೊಂಡು ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಭಯ ಬೇರೆ. ಇನ್ನು ಬೇವಿನ ಎಲೆ, ಲವಂಗ, ಲ್ಯಾವೆಂಡರ್ ಚೀಲ ಎಲ್ಲಾ ಇಡಬಹುದು, ಪರಿಮಳ ಚೆನ್ನಾಗಿರುತ್ತದೆ, ಆದರೆ ಒಳಗೆ ಆಗಲೇ ಸೇರಿಕೊಂಡ ಹುಳಕ್ಕೆ ಅವು ಏನೂ ಮಾಡುವುದಿಲ್ಲ. ಬೇವು ಇಡುವುದಾದರೆ ಗರಿಗರಿ ಒಣಗಿಸಿ ಚೀಲದಲ್ಲಿ ಕಟ್ಟಿ, ಹಸಿ ಎಲೆ ಕಲೆ ಮಾಡುತ್ತದೆ.

ಈಗ ಗುಂಪು ಮಾಡೋಣ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಬಟ್ಟೆಗೂ ಒಂದು ಸಾಲು ಬರೆಯಿರಿ: ಏನು, ಯಾವ ನೂಲು, ಈ ಚಳಿಯಲ್ಲಿ ಹಾಕಿಕೊಂಡಿರಾ, ಏನು ದೋಷ, ಎಲ್ಲಿ ಇಟ್ಟಿರಿ. ಅಷ್ಟು ಸಾಕು, ಅದಕ್ಕಿಂತ ಜಾಸ್ತಿ ಕಾಲಂ ಹಾಕಿದರೆ ಮುಂದಿನ ವರ್ಷ ಯಾರೂ ಬರೆಯುವುದಿಲ್ಲ.

ಕಂಕುಳ ತೂತಿನ ಸ್ವೆಟರ್: ತೂತು ಒಂದೋ ಎರಡೋ ಇದ್ದು, ಬೆಳಕಿಗೆ ಹಿಡಿದಾಗ ಬೇರೆಲ್ಲೂ ತೆಳ್ಳಗಾಗಿ ಕಾಣದಿದ್ದರೆ ರಿಪೇರಿ ಗುಂಪಿಗೆ. ಫ್ರೀಜರ್ ಮುಗಿಯುವ ತನಕ ಸೂಜಿ ಮುಟ್ಟಬೇಡಿ. ಬೆಳಕಿಗೆ ಹಿಡಿದಾಗ ಜರಡಿಯ ಥರ ಅಲ್ಲಲ್ಲಿ ಚುಕ್ಕೆ ಬೆಳಕು ಕಂಡರೆ ಸುಮ್ನೆ ದುಡ್ಡು, ಹೊತ್ತು ಹಾಕಬೇಡಿ. ಆ ಚುಕ್ಕೆಗಳೆಲ್ಲ ಒಂದು ಒಗೆತಕ್ಕೆ ತೂತಾಗುತ್ತವೆ. ಅಂಥದ್ದನ್ನು ಎಸೆಯುವ ಗುಂಪಿಗೆ ಹಾಕಿ. ಎಸೆಯುವಾಗಲೂ ಕವರ್ ಕಟ್ಟಿಯೇ, ಅವತ್ತೇ ಮನೆಯಿಂದ ಆಚೆ ಹೋಗಲಿ.

ಹೊಟ್ಟೆ ಹತ್ತಿರದ ತೂತು ಖಂಡಿತ ರಿಪೇರಿ. ನೇಯ್ಗೆಯಲ್ಲಿ ಬಿಚ್ಚಿಕೊಂಡ ಕುಣಿಕೆಗಳು ಇರುತ್ತವೆ, ಅವು ಒಂದರ ಹಿಂದೆ ಒಂದು ಜಾರಿ ಏಣಿ ಬೀಳುವ ಮೊದಲು ಸೂಜಿಯಲ್ಲಿ ದಾರ ಹಾಕಿ ಎಲ್ಲಾ ಕುಣಿಕೆಯನ್ನೂ ಪೋಣಿಸಿ ಹಿಡಿದಿಡಿ. ಇದು ಒಗೆಯುವ ಮೊದಲೇ ಆಗಬೇಕಾದ ಕೆಲಸ, ಇಲ್ಲದಿದ್ದರೆ ನೀರಲ್ಲಿ ಕಡಲೆಯಷ್ಟಿದ್ದ ತೂತು ನಿಂಬೆಹಣ್ಣಿನಷ್ಟಾಗುತ್ತದೆ. ಒಗೆದು ಒಣಗಿದ ಮೇಲೆ ರಫು ಮಾಡಿ. ಅದೇ ಬಣ್ಣದ ನೂಲು ಸ್ವೆಟರಿನ ಒಳ ಹೊಲಿಗೆಯಲ್ಲೇ ಮಿಕ್ಕಿರುತ್ತದೆ, ಅಲ್ಲಿಂದ ಒಂದು ಎಳೆ ಕದ್ದುಕೊಳ್ಳಿ. ತೂತಿನ ಅಂಚಿನಿಂದ ಅರ್ಧ ಇಂಚು ಆಚೆಯ ಗಟ್ಟಿ ಭಾಗದಿಂದ ಶುರು ಮಾಡಿ ಮೊದಲು ಉದ್ದಕ್ಕೆ ಎಳೆಗಳನ್ನು ಹಾಕಿ, ಆಮೇಲೆ ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ನೇಯುತ್ತಾ ಹೋಗಿ. ಬಿಗಿ ಎಳೆಯಬೇಡಿ, ಬಿಗಿದರೆ ಸುತ್ತ ಸುಕ್ಕು ಕಟ್ಟುತ್ತದೆ. ಕೈಗೆ ಬರದಿದ್ದರೆ ರಫು ಮಾಡುವವರಿಗೆ ಕೊಡಿ.

ರಿಪೇರಿ ಗುಂಪಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ನಾಲ್ಕರಲ್ಲಿ ಇದೇ ಸುಳ್ಳು ಗುಂಪು. ಎಸೆಯಲು ಮನಸ್ಸಿಲ್ಲದ್ದೆಲ್ಲ ಇಲ್ಲಿ ಬಂದು ಬೀಳುತ್ತದೆ, ಆಮೇಲೆ ಮುಂದಿನ ಚಳಿಯವರೆಗೂ ಚೀಲದಲ್ಲೇ ಇರುತ್ತದೆ, ಅದೂ ಒಗೆಯದೆ! ಅದಕ್ಕೇ ಒಂದು ಮಿತಿ ಹಾಕಿಕೊಳ್ಳಿ. ಗುಂಪಿನಲ್ಲಿ ಐದಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದಕ್ಕೂ ಏನು ಕೆಲಸ, ಯಾರು ಮಾಡುತ್ತಾರೆ ಅಂತ ಚೀಟಿ ಬರೆದು ಪಿನ್ ಬದಲು ದಾರದಲ್ಲಿ ಕಟ್ಟಿ. ಉಳಿದ ಬಟ್ಟೆ ಪೆಟ್ಟಿಗೆಗೆ ಹೋಗುವ ದಿನದೊಳಗೆ ರಿಪೇರಿ ಆಗದ್ದು ಎಸೆಯುವ ಗುಂಪಿಗೆ ಹೋಗಲಿ.

ಕುಗ್ಗಿದ ಸ್ವೆಟರ್: ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ಸೋಪು, ತಿರುಗಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಬಟ್ಟೆ ದಪ್ಪ ಕಂಬಳಿಯಂತಾಗುತ್ತದೆ. ಪೂರ್ತಿ ಹೀಗಾದದ್ದು ವಾಪಸ್ ಬರುವುದಿಲ್ಲ, ಕಂಡಿಷನರ್ ಹಚ್ಚಿ ಎಳೆಯಿರಿ ಅನ್ನುವ ಸಲಹೆ ಅಲ್ಪಸ್ವಲ್ಪ ಕುಗ್ಗಿದ್ದಕ್ಕಷ್ಟೇ. ಹೆಣೆದ ಕುಣಿಕೆಗಳು ಬೇರೆ ಬೇರೆಯಾಗಿ ಇನ್ನೂ ಕಾಣುತ್ತಿದ್ದರೆ, ಮನೆಯಲ್ಲೋ ಪರಿಚಯದವರಲ್ಲೋ ಅಳತೆಯಾಗುವ ಮಗುವಿದ್ದರೆ, ಕೊಡುವ ಗುಂಪಿಗೆ ಹಾಕಿ. ಕುಣಿಕೆ ಕಾಣದೆ ಗಟ್ಟಿಯಾಗಿದ್ದರೆ ಎಸೆಯುವ ಮೊದಲು ಒಂದು ಉಪಯೋಗ ಇದೆ: ಹಾಗೆ ಗಟ್ಟಿಯಾದ ಉಣ್ಣೆಯನ್ನು ಕತ್ತರಿಸಿದರೆ ಅಂಚು ಬಿಚ್ಚುವುದಿಲ್ಲ. ಬೇರೆ ಸ್ವೆಟರುಗಳ ಮೊಣಕೈಗೆ ತೇಪೆ ಹಾಕಲು ಅದಕ್ಕಿಂತ ಒಳ್ಳೆ ಬಟ್ಟೆ ಸಿಗುವುದಿಲ್ಲ.

ಮಿಕ್ಕ ನಾಲ್ಕು ಸ್ವೆಟರ್, ಶಾಲುಗಳಲ್ಲಿ ಈ ಚಳಿ ಮತ್ತು ಹೋದ ಚಳಿ ಎರಡರಲ್ಲೂ ಮುಟ್ಟದೇ ಇದ್ದದ್ದನ್ನು ಕೊಡುವ ಗುಂಪಿಗೆ ಹಾಕಿ. ಆದರೆ ಒಗೆದು, ಗುಂಡಿ ಜಿಪ್ ಸರಿ ಇದೆಯಾ ನೋಡಿ, ಫ್ರೀಜರಿನಿಂದ ಬಂದ ಮೇಲೆಯೇ ಕೊಡಿ. ಹುಳದ ಸಮೇತ ಕೊಟ್ಟರೆ ಅವರ ಮನೆಯ ಪೆಟ್ಟಿಗೆಗೂ ನೀವೇ ನುಸಿ ಕಳಿಸಿದ ಹಾಗೆ. ಬೂಷ್ಟಿನ ವಾಸನೆ ಬರುವುದು, ಕಾಲರ್ ಕರಕಲಾದದ್ದು ಕೊಡುವ ಗುಂಪಿನದ್ದಲ್ಲ.

ಸೀರೆಗಳಿಗೆ "ಎರಡು ವರ್ಷ ಉಡಲಿಲ್ಲ" ಅನ್ನುವ ಲೆಕ್ಕ ನಡೆಯುವುದಿಲ್ಲ. ರೇಷ್ಮೆ ಅಪರೂಪಕ್ಕೆ ಉಡುವ ಬಟ್ಟೆಯೇ. ಅಲ್ಲಿ ಕೇಳಬೇಕಾದದ್ದು, ಎಳೆಯಲ್ಲಿ ಇನ್ನೂ ಜೀವ ಇದೆಯಾ ಅಂತ. ರವಿಕೆ ಬಿಗಿಯಾಗಿದೆ ಅನ್ನುವ ಕಾರಣಕ್ಕೆ ಸೀರೆ ಕೊಟ್ಟುಬಿಡುವವರನ್ನು ನೋಡಿದ್ದೇನೆ. ಅದು ರವಿಕೆಯ ರಿಪೇರಿ, ಸೀರೆಯ ದೋಷ ಅಲ್ಲ.

ಸೀಳಿದ ಸೀರೆಯನ್ನು ಹಾಸಿಗೆ ಮೇಲೆ ಪೂರ್ತಿ ಬಿಚ್ಚಿ. ಕೈಯಲ್ಲಿ ಎತ್ತಿ ಹಿಡಿಯಬೇಡಿ, ಅದರ ಭಾರಕ್ಕೇ ಇನ್ನಷ್ಟು ಸೀಳಬಹುದು. ಒಂದೊಂದು ಮಡಿಕೆಯ ಗೆರೆಯನ್ನೂ ಬೆಳಕಿಗೆ ನೋಡುತ್ತಾ ಹೋಗಿ. ಸೀಳು ಒಂದೇ ಗೆರೆಯಲ್ಲಿ ಇದ್ದು, ಪಕ್ಕದ ಜಾಗವನ್ನು ಎರಡು ಕೈಯ ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಮೆಲ್ಲಗೆ, ನಿಜವಾಗಿಯೂ ಮೆಲ್ಲಗೆ, ಎಳೆದಾಗ ಗಟ್ಟಿ ಅನ್ನಿಸಿದರೆ ಅದು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಕೂತದ್ದರ ಫಲ. ಹಿಂದೆ ತೆಳು ನೆಟ್ ಹಾಕಿಸಿ ಹಿಡಿಸಬಹುದು, ನೆರಿಗೆಯ ಒಳಗೆ ಬರುವ ಜಾಗವಾದರೆ ಕಾಣುವುದೂ ಇಲ್ಲ. ಆದರೆ ಬೇರೆ ಮಡಿಕೆಗಳಲ್ಲೂ ಕೂದಲೆಳೆಯಂಥ ಸೀಳು ಶುರುವಾಗಿದ್ದರೆ, ಮುಟ್ಟಿದರೆ ಒಣ ಎಲೆಯ ಹಾಗೆ ಸದ್ದು ಬಂದು ಚೂರು ಉದುರಿದರೆ, ಆ ಒಡಲು ಮುಗಿದಿದೆ. ಬಿಸಿಲು, ಬೆವರು, ಹಳೇ ಕಾಲದಲ್ಲಿ ರೇಷ್ಮೆಯ ತೂಕ ಹೆಚ್ಚಿಸಲು ಸೇರಿಸುತ್ತಿದ್ದ ಲೋಹದ ಲವಣ, ಇವೆಲ್ಲ ಎಳೆಯನ್ನು ಒಳಗಿಂದ ತಿಂದಿರುತ್ತವೆ. ಅಂಥದ್ದಕ್ಕೆ ರಫು ಮಾಡಿಸಿದರೆ ಹೊಸ ದಾರ ಗಟ್ಟಿಯಾಗಿ ನಿಂತು ಪಕ್ಕದಲ್ಲೇ ಹೊಸ ಸೀಳು ತೆಗೆಯುತ್ತದೆ. ಅಮ್ಮನ ಸೀರೆ, ಎಸೆಯಲು ಹೇಳುವುದಿಲ್ಲ. ಜರಿ ಅಂಚು, ಸೆರಗು ಗಟ್ಟಿ ಇದ್ದರೆ ಬಿಡಿಸಿ ಬೇರೆ ಬಟ್ಟೆಗೆ ಹೊಲಿಸಿಕೊಳ್ಳಿ. ಇಲ್ಲವೇ ಉಡುವ ಆಸೆ ಬಿಟ್ಟು, ಮಡಿಚದೆ ಸುರುಳಿ ಸುತ್ತಿ ನೆನಪಿಗೆ ಇಟ್ಟುಕೊಳ್ಳಿ. ನೋಟ್‌ಬುಕ್ಕಿನಲ್ಲಿ "ಉಡುವುದಿಲ್ಲ" ಅಂತ ಬರೆದಿಟ್ಟರೆ ಸಾಕು.

ಕಂದು ಕಲೆಯ ಸೀರೆಗೆ ಬಹುಶಃ ಇಟ್ಟ ದಿನ ಕಲೆ ಇರಲಿಲ್ಲ. ಹಣ್ಣಿನ ರಸ, ತಂಪು ಪಾನೀಯ ಚೆಲ್ಲಿ ಒಣಗಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಅದರಲ್ಲಿನ ಸಕ್ಕರೆ ತಿಂಗಳುಗಟ್ಟಲೆ ಗಾಳಿ ತಾಗುತ್ತಾ ನಿಧಾನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ, ಇಸ್ತ್ರಿಯ ಬಿಸಿ ತಾಗಿದರೆ ಇನ್ನೂ ಬೇಗ. ಕಲೆಯ ಸುತ್ತ ಗಾಢವಾದ ಉಂಗುರ ಇದ್ದರೆ ಇದೇ. ಸಣ್ಣ ತೂತಿನ ಸುತ್ತ ಕೆಂಪು ಕಂದು ಬಣ್ಣವಾದರೆ ಪಿನ್ನಿನ ತುಕ್ಕು. ಮನೆಯಲ್ಲಿ ನಿಂಬೆ, ಸೋಡಾ, ಬ್ಲೀಚ್ ಏನೂ ಹಚ್ಚಬೇಡಿ. ಕ್ಲೋರಿನ್ ಬ್ಲೀಚ್ ರೇಷ್ಮೆಯನ್ನು, ಉಣ್ಣೆಯನ್ನು ಅಕ್ಷರಶಃ ಕರಗಿಸುತ್ತದೆ. ಬರೀ ನೀರು ಹಾಕಿ ಉಜ್ಜಿದರೂ ಹೊಸ ನೀರ್ಗಲೆ ಬೀಳುತ್ತದೆ. ಡ್ರೈ ಕ್ಲೀನಿಂಗಿಗೆ ಕೊಡುವಾಗ ಕಲೆಯ ಜಾಗಕ್ಕೆ ದಾರ ಕಟ್ಟಿ ಗುರುತು ಮಾಡಿ, ಏನು ಚೆಲ್ಲಿರಬಹುದು ಅಂತ ಹೇಳಿ. ಸಕ್ಕರೆ ಕಲೆ ನೀರಲ್ಲಿ ಕರಗುವಂಥದ್ದು, ಡ್ರೈ ಕ್ಲೀನಿಂಗ್ ದ್ರಾವಣದಲ್ಲಿ ಹೋಗುವುದಿಲ್ಲ. ಮೊದಲೇ ಹೇಳಿದರೆ ಅವರು ಆ ಜಾಗವನ್ನು ಬೇರೆಯಾಗಿ ತೆಗೆಯಲು ನೋಡುತ್ತಾರೆ. ಪೂರ್ತಿ ಹೋಗದಿದ್ದರೂ ನೆರಿಗೆಯಲ್ಲಿ ಅಡಗುವ ಕಲೆಗೆ ಸೀರೆ ಬಿಡಬೇಕಾಗಿಲ್ಲ, ಇಟ್ಟುಕೊಳ್ಳಿ.

ಇಡುವ ವಿಷಯಕ್ಕೆ ಬಂದರೆ, ಉಣ್ಣೆ ಮತ್ತು ರೇಷ್ಮೆಗೆ ಬೇಕಾದದ್ದು ಬೇರೆ ಬೇರೆ. ಉಣ್ಣೆಗೆ ದೊಡ್ಡ ಶತ್ರು ಹುಳ, ಆದ್ದರಿಂದ ಅದನ್ನು ಮುಚ್ಚಿಡಬೇಕು. ರೇಷ್ಮೆಗೆ ಮಡಿಕೆ, ತೇವ, ಬೆಳಕು ಹೆಚ್ಚು ಅಪಾಯ, ಆದ್ದರಿಂದ ಅದಕ್ಕೆ ಗಾಳಿಯಾಡುವ ಹೊದಿಕೆ ಬೇಕು, ಆಗಾಗ ಕೈ ಬೀಳಬೇಕು.

ಉಣ್ಣೆಯನ್ನು 30 ಡಿಗ್ರಿ ಮೀರದ ನೀರಿನಲ್ಲಿ, ಉಣ್ಣೆಗೆಂದೇ ಇರುವ ಲಿಕ್ವಿಡ್ ಸೋಪಿನಲ್ಲಿ ಒಗೆಯಿರಿ. ಮಾಮೂಲಿ ಪೌಡರುಗಳಲ್ಲಿ ಕಲೆ ತೆಗೆಯಲು ಎನ್ಜೈಮ್ ಹಾಕಿರುತ್ತಾರೆ. ಆ ಎನ್ಜೈಮು ಒಡೆಯುವುದು ಪ್ರೋಟೀನನ್ನು, ಉಣ್ಣೆ ರೇಷ್ಮೆ ಎರಡೂ ಪ್ರೋಟೀನೇ. ಹಿಂಡಬೇಡಿ. ಟವೆಲ್ ಮೇಲೆ ಹರಡಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ನೆರಳಲ್ಲಿ ಸಪಾಟಾಗಿ ಹಾಸಿ ಒಣಗಿಸಿ. ಮುಟ್ಟಿದರೆ ಒಣಗಿದೆ ಅನ್ನಿಸಿದ ದಿನವೇ ಒಳಗಿಡಬೇಡಿ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಒಣ ಹವೆಯ ದಿನ ನೋಡಿ ಇನ್ನೂ ಒಂದು ದಿನ ಗಾಳಿಗೆ ಬಿಟ್ಟು, ಮಡಿಚಿ, ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇಡಿ. ಭಾರದ್ದು ಕೆಳಗೆ, ಶಾಲು ಮೇಲೆ. ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೆಣೆದ ಸ್ವೆಟರನ್ನು ಹ್ಯಾಂಗರಿಗೆ ಹಾಕಬೇಡಿ, ಭುಜ ಕೋಡಿನ ಹಾಗೆ ಎದ್ದು ಮೈ ಇಳಿಬೀಳುತ್ತದೆ. ಕೋಟಿಗೆ ಮಾತ್ರ ಅಗಲ ಭುಜದ ಹ್ಯಾಂಗರ್, ಮೇಲೆ ಬಾಯಿ ಕಟ್ಟಿದ ಬಟ್ಟೆ ಚೀಲ. ಗಾಳಿ ಎಳೆದು ಚಪ್ಪಟೆ ಮಾಡುವ ವ್ಯಾಕ್ಯೂಮ್ ಕವರ್ ಹುಳವನ್ನೇನೋ ತಡೆಯುತ್ತದೆ, ಆದರೆ ಉಣ್ಣೆ ತಿಂಗಳುಗಟ್ಟಲೆ ನಜ್ಜುಗುಜ್ಜಾಗಿ ಕೂತು ಉಬ್ಬು ಕಳೆದುಕೊಳ್ಳುತ್ತದೆ. ನಾನು ಅದನ್ನು ಸಿಂಥೆಟಿಕ್ ರಗ್ಗಿಗೆ ಬಿಟ್ಟು ಬೇರೆಯದಕ್ಕೆ ಹೇಳುವುದಿಲ್ಲ.

ರೇಷ್ಮೆ ಸೀರೆ ಉಟ್ಟು ಬಿಚ್ಚಿದ ಮೇಲೆ ಒಂದು ರಾತ್ರಿ ನೆರಳಲ್ಲಿ ಹರವಿ ಬೆವರು ಆರಲು ಬಿಡಿ. ಪಿನ್ನುಗಳನ್ನೆಲ್ಲ ತೆಗೆಯಿರಿ. ಗಂಜಿ ಹಾಕಿ ಇಡಬೇಡಿ, ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಹುಳ ಬರುವುದೇ ಗಂಜಿಗೆ. ರೋಲ್ ಪ್ರೆಸ್, ಪಾಲಿಶ್ ಮಾಡಿಸುವುದಿದ್ದರೆ ಉಡುವ ಮೊದಲು ಮಾಡಿಸಿ, ಇಡುವ ಮೊದಲು ಅಲ್ಲ. ಸುತ್ತಲು ತೆಳು ಹತ್ತಿ ಬಟ್ಟೆ ಬೇಕು. ಹೊಸ ಕೋರಾ ಬಟ್ಟೆಯಾದರೆ ಅದರಲ್ಲೂ ಗಂಜಿ ಇರುತ್ತದೆ, ಎರಡು ಸಲ ಒಗೆದು ಬಳಸಿ. ಬಣ್ಣ ಬಿಡುವ ಬಟ್ಟೆ, ನ್ಯೂಸ್‌ಪೇಪರ್, ಪ್ಲಾಸ್ಟಿಕ್ ಕವರ್ ಮೂರೂ ಬೇಡ. ಒಂದು ಸುತ್ತಿನಲ್ಲಿ ಒಂದೇ ಸೀರೆ ಇಡಿ, ಜರಿ ಅಂಚು ಇನ್ನೊಂದರ ರೇಷ್ಮೆಗೆ ಉಜ್ಜದಂತೆ. ಜರಿಗೆ ಸೆಂಟು, ನುಸಿಗುಳಿಗೆ ನೇರವಾಗಿ ತಾಗಬಾರದು. ಮರದ ಶೆಲ್ಫಿನ ಆಮ್ಲದಿಂದಲೂ ರೇಷ್ಮೆ ಹಳದಿಯಾಗುತ್ತದೆ, ಕೆಳಗೆ ಒಂದು ಹತ್ತಿ ಬಟ್ಟೆ ಹಾಸಿಬಿಡಿ.

ಮೂರು ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಬೇಕು. ಅದೇ ಗೆರೆಯನ್ನು ತಿರುವಿ ಮಡಿಚಿದರೆ ಬದಲಿಸಿದ ಹಾಗಾಗುವುದಿಲ್ಲ, ಎಳೆ ಹಿಂದೆ ಮುಂದೆ ಬಾಗಿ ಇನ್ನೂ ಬೇಗ ಮುರಿಯುತ್ತದೆ. ಹಿಂದಿನ ಸಲ ನಾಲ್ಕಾಗಿ ಮಡಿಚಿದ್ದರೆ ಈ ಸಲ ಮೂರಾಗಿ ಮಡಿಚಿ, ಗೆರೆ ಬೇರೆ ಜಾಗಕ್ಕೆ ಬರಲಿ. ತುಂಬ ಜರಿ ಇರುವ ಭಾರದ ಸೀರೆಗೆ ಮಡಿಕೆಯ ಒಳಗೆ ಬೆರಳು ದಪ್ಪದ ಹತ್ತಿ ಬಟ್ಟೆ ಸುರುಳಿ ಇಡಿ, ಮಡಿಕೆ ಚೂಪಾಗದೆ ದುಂಡಗಿರುತ್ತದೆ. ಅದನ್ನು ರಾಶಿಯ ಅಡಿಗೆ ಹಾಕಬೇಡಿ. ಮಳೆಗಾಲದಲ್ಲಿ ಗಾಳಿ ತೇವ ಇರುವಾಗ ತೆಗೆದು ಹರವಿದರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ, ಮಳೆ ಶುರುವಾಗುವ ಮೊದಲು ಒಂದು ಸಲ, ನಿಂತ ಮೇಲೆ ಒಂದು ಸಲ ಇಟ್ಟುಕೊಳ್ಳಿ. ತೆಗೆದಾಗ ಬೂದು ಬಿಳಿ ಚುಕ್ಕೆ, ಮುಗ್ಗಲು ವಾಸನೆ ಕಂಡರೆ ಒಳಗೆ ಕೊಡವಬೇಡಿ, ಹೊರಗೆ ತಗೊಂಡು ಹೋಗಿ ನೆರಳಲ್ಲಿ ಒಣಗಿಸಿ, ಒಣಗಿದ ಮೇಲೆ ಮೆತ್ತನೆ ಬ್ರಶ್ಶಿನಿಂದ ತೆಗೆಯಿರಿ. ಒದ್ದೆ ಇರುವಾಗ ಉಜ್ಜಿದರೆ ಬೂಷ್ಟು ಎಳೆಯ ಒಳಗೆ ಹೋಗುತ್ತದೆ.

ಉಣ್ಣೆ ಪೆಟ್ಟಿಗೆಯನ್ನೂ ಅದೇ ದಿನ ಬಿಚ್ಚಿ ಬಿಳಿ ಬೆಡ್‌ಶೀಟ್ ಮೇಲೆ ಒಂದೆರಡು ಸ್ವೆಟರ್ ಕೊಡವಿ ನೋಡಿ. ಕಣ ಬೀಳದಿದ್ದರೆ ಮುಚ್ಚಿಡಿ. ಬಿದ್ದರೆ ಮತ್ತೆ ಎರಡು ವಾರ ಫ್ರೀಜರ್, ಜೊತೆಗೆ ಈ ಸಲ ಕಾರ್ಪೆಟ್, ಸೋಫಾದ ಸಂದು, ಕಂಬಳಿಗಳನ್ನೂ ನೋಡಿ. ಹುಳದ ಮೂಲ ಬೀರಿನಲ್ಲಿ ಇರಲಿಲ್ಲ ಅಂತ ಅರ್ಥ.